ಹಬ್ಬದ ಪೂಜೆ ಸಮಯ ಮತ್ತು ಸಾಲಿನ ವ್ಯವಸ್ಥೆ: ಭಕ್ತರಿಗೆ ಕಳಿಸುವ ಸಂದೇಶ ಬರೆಯುವುದು ಹೇಗೆ?

ಹಬ್ಬ ಹತ್ತಿರ ಬಂತು ಅಂದರೆ ನನಗೆ ಬರುವ ಫೋನು ಒಂದೇ ತರಹದ್ದು. "ನಮ್ಮ ದೇವಸ್ಥಾನದ ಟ್ರಸ್ಟಿನಿಂದ ಎಲ್ಲರಿಗೂ ಒಂದು ಮೆಸೇಜ್ ಹಾಕಬೇಕು, ನಿಮ್ಮದು ಹೇಗಿದೆ ಅಂತ ಕಳಿಸಿ ಮಾರಾಯ್ರೇ." ಕಳಿಸುತ್ತೇನೆ. ಅವರು ಹೆಸರು, ತಾರೀಖು ಬದಲಿಸಿ ಹಾಕುತ್ತಾರೆ. ಮಾರನೇ ದಿನದಿಂದ ಅವರಿಗೇ ಐವತ್ತು ಫೋನು: "ನಾವು ಎಷ್ಟು ಹೊತ್ತಿಗೆ ಬರಬೇಕು?" ಮೆಸೇಜಿನಲ್ಲಿ ಎಲ್ಲಾ ಇತ್ತಲ್ಲ ಅಂತ ಇವರಿಗೆ ಸಿಟ್ಟು.

ಎಲ್ಲಾ ಇತ್ತು ನಿಜ, ಆದರೆ ಅದು ಭಟ್ರ ವೇಳಾಪಟ್ಟಿ ಆಗಿತ್ತು. ಭಕ್ತರಿಗೆ ಬೇಕಾದದ್ದು ಪೂಜೆ ಯಾವಾಗ ಶುರು ಅನ್ನುವುದಲ್ಲ, ತಾನು ಎಷ್ಟು ಹೊತ್ತಿಗೆ, ಯಾವ ಸಾಲಿನಲ್ಲಿ ನಿಂತರೆ ದೇವರು ಕಾಣುತ್ತಾನೆ ಅನ್ನುವುದು. ಇವೆರಡೂ ಬೇರೆ ಬೇರೆ. ಒಂದರಿಂದ ಇನ್ನೊಂದನ್ನು ಹೇಗೆ ಮಾಡಿಕೊಳ್ಳುವುದು ಅಂತ ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ 2026ರ ಮಹಾಶಿವರಾತ್ರಿಯನ್ನು ಇಟ್ಟುಕೊಳ್ಳೋಣ. ಫೆಬ್ರವರಿ 15, ಭಾನುವಾರ. ಕುಮಟಾ ತಾಲೂಕಿನ ಒಂದು ಸಾಧಾರಣ ಊರ ಶಿವಾಲಯ ಅಂದುಕೊಳ್ಳಿ. ದೊಡ್ಡ ಕ್ಷೇತ್ರವಲ್ಲ, ಆದರೆ ಆ ದಿನ ಎರಡು ಮೂರು ಸಾವಿರ ಜನ ಬರುತ್ತಾರೆ. ಬೆಳಿಗ್ಗೆ ಗೋಕರ್ಣಕ್ಕೆ ಹೋಗಿ, ಸಮುದ್ರಸ್ನಾನ, ಮಹಾಗಣಪತಿ, ಮಹಾಬಲೇಶ್ವರ ಮುಗಿಸಿ, ಮಾದನಗೇರಿ ಕ್ರಾಸಿಗೆ ಬಂದು ಸಂಜೆ ನಮ್ಮಲ್ಲಿಗೆ ಬರುವವರೇ ಜಾಸ್ತಿ. ಶಿವರಾತ್ರಿಯನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ: ಸಂದೇಶ ಬರೆಯುವವರು ಎಡವುವ ಜಾಗಗಳೆಲ್ಲ ಈ ಒಂದು ಹಬ್ಬದಲ್ಲೇ ಸಿಗುತ್ತವೆ.

ಶುರು ಮಾಡುವ ಮೊದಲು ಹತ್ತಿರ ಇರಬೇಕಾದದ್ದು: ಒಂದು ಪಂಚಾಂಗ, ಒಂದು ವಾಚು, ಭಟ್ರ ಅರ್ಧ ಗಂಟೆ, ಮತ್ತು ಟ್ರಸ್ಟಿನದ್ದೇ ಆದ ಒಂದು ಮೊಬೈಲ್ ನಂಬರ್. ಕಾರ್ಯದರ್ಶಿಯವರ ಸ್ವಂತ ನಂಬರ್ ಬೇಡ. ಅವರು ಮುಂದಿನ ವರ್ಷ ಕಾರ್ಯದರ್ಶಿ ಆಗಿರದಿದ್ದರೂ ಫೋನು ಅವರಿಗೇ ಹೋಗುತ್ತಿರುತ್ತದೆ.

ಹಂತ 1: ಭಟ್ರ ಹತ್ತಿರ ಕೂತು ಪಟ್ಟಿ ಮಾಡಿಕೊಳ್ಳಿ

ಫೋನಿನಲ್ಲಿ ಕೇಳಬೇಡಿ, ಕೂತು ಕೇಳಿ. "ಪೂಜೆ ಎಷ್ಟು ಗಂಟೆಗೆ?" ಅಂತ ಕೇಳಿದರೆ ಒಂದು ಗಂಟೆಯ ಹೆಸರು ಸಿಗುತ್ತದೆ, ಅಷ್ಟೇ. ನೀವು ಕೇಳಬೇಕಾದದ್ದು ಮೂರು. ಪೂಜೆ ಯಾವಾಗ ಶುರು? ಆ ಪೂಜೆಯ ನಡುವೆ ಬಾಗಿಲು ಹಾಕುವುದು ಅಥವಾ ತೆರೆ ಎಳೆಯುವುದು ಯಾವಾಗ, ಎಷ್ಟು ಹೊತ್ತು? ಮಂಗಳಾರತಿ ಯಾವಾಗ?

ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಭಟ್ರಿಗೆ ಅದು ಹೇಳಬೇಕಾದ ವಿಷಯ ಅನಿಸುವುದೂ ಇಲ್ಲ, ಅವರಿಗೆ ಅದು ಪೂಜೆಯ ಒಂದು ಭಾಗ. ಸಾಲಿನಲ್ಲಿ ನಿಂತವನಿಗೆ ಮಾತ್ರ ಅದು ಅರ್ಧ ಗಂಟೆ ಅಲ್ಲಾಡದೆ ನಿಲ್ಲುವ ಹೊತ್ತು.

ಶಿವರಾತ್ರಿಯ ರಾತ್ರಿ ನಾಲ್ಕು ಯಾಮದ ಪೂಜೆ ಇರುತ್ತದೆ. ಯಾಮ ಅಂದರೆ ರಾತ್ರಿಯ ನಾಲ್ಕನೇ ಒಂದು ಪಾಲು. ಸೂರ್ಯ ಮುಳುಗಿದ್ದರಿಂದ ಹುಟ್ಟುವವರೆಗಿನ ಹೊತ್ತನ್ನು ನಾಲ್ಕು ಮಾಡಿದರೆ ಆಯಿತು. ಫೆಬ್ರವರಿ ನಡುವೆ ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಸುಮಾರು 6.35ಕ್ಕೆ, ಹುಟ್ಟುವುದು 6.55ರ ಹೊತ್ತಿಗೆ. ಅಂದರೆ ರಾತ್ರಿಯ ಉದ್ದ 12 ಗಂಟೆ 20 ನಿಮಿಷ. ಒಂದು ಯಾಮಕ್ಕೆ 3 ಗಂಟೆ 5 ನಿಮಿಷ. ಹಾಗಾಗಿ ಯಾಮಗಳು ಶುರುವಾಗುವುದು 6.35, 9.40, 12.45 ಮತ್ತು 3.50ಕ್ಕೆ. ಭಟ್ರು ಸ್ವಲ್ಪ ಆಚೀಚೆ ಮಾಡಿ ಮೊದಲಿನೆರಡನ್ನು 6.45, 9.45 ಅನ್ನಬಹುದು. ಅವರು ಹೇಳಿದ್ದೇ ಅಂತಿಮ, ನಮ್ಮ ಲೆಕ್ಕ ತಾಳೆ ನೋಡುವುದಕ್ಕೆ ಮಾತ್ರ.

ತಾಳೆ ಯಾಕೆ ನೋಡಬೇಕು ಅಂದರೆ, ಬೇರೆ ಕಡೆಯ ಸಮಯವನ್ನು ಹಾಗೇ ಎತ್ತಿ ಹಾಕುವವರು ತುಂಬಾ ಇದ್ದಾರೆ. ಮೊಬೈಲಿನಲ್ಲಿ ಹುಡುಕಿದಾಗ ಸಿಗುವ ನಿಶೀಥ ಕಾಲ ಬಹಳ ಸಲ ಬೇರೆ ಯಾವುದೋ ಊರಿನ ಲೆಕ್ಕದ್ದು. ನಿಶೀಥ ಅಂದರೆ ನಡುರಾತ್ರಿಯ ಮುಹೂರ್ತ, ಶಿವರಾತ್ರಿಯ ಮುಖ್ಯ ಹೊತ್ತು. ನಮ್ಮ ಕಡೆ ಆ ನಡುರಾತ್ರಿ ಗಡಿಯಾರದ 12ಕ್ಕೆ ಬರುವುದಿಲ್ಲ, ಮುಕ್ಕಾಲು ಗಂಟೆ ತಡವಾಗಿ, ಸುಮಾರು 12.45ಕ್ಕೆ ಬರುತ್ತದೆ. ಗಡಿಯಾರ ಇಡೀ ದೇಶಕ್ಕೆ ಒಂದೇ, ನಾವು ಇರುವುದು ದೇಶದ ಪಶ್ಚಿಮದ ಅಂಚಿನಲ್ಲಿ, ಜೊತೆಗೆ ಆ ತಿಂಗಳಲ್ಲಿ ಸೂರ್ಯನ ಲೆಕ್ಕವೂ ಕಾಲು ಗಂಟೆಯಷ್ಟು ಹಿಂದೆ ಇರುತ್ತದೆ. ಉತ್ತರದ ಊರಿನ ಸಮಯ ಹಾಕಿದರೆ ನಿಮ್ಮ ಭಟ್ರು ಒಂದು ಹೇಳುತ್ತಾರೆ, ಮೆಸೇಜ್ ಇನ್ನೊಂದು ಹೇಳುತ್ತದೆ.

ಹಂತ 2: ಪೂಜೆಯ ಪಟ್ಟಿಯನ್ನು ದರ್ಶನದ ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಂಡು ಬಾಗಿಲು ಮುಚ್ಚಿರುವ ಹೊತ್ತುಗಳನ್ನು ಮಾತ್ರ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಪ್ರತಿ ಯಾಮದಲ್ಲೂ ಒಂದು ಗಂಟೆ ಅಭಿಷೇಕ. ಆಗ ಸಾಲು ನಡೆಯುತ್ತಿರುತ್ತದೆ, ಹೊರಗಿನಿಂದ ನೋಡಿಕೊಂಡು ಹೋಗಬಹುದು. ಆಮೇಲೆ ಅಲಂಕಾರ, ನೈವೇದ್ಯಕ್ಕೆ ಅರ್ಧ ಗಂಟೆ ಬಾಗಿಲು ಹಾಕುತ್ತಾರೆ. ಬಾಗಿಲು ತೆಗೆಯುತ್ತಲೇ ಮಂಗಳಾರತಿ. ಅಂದರೆ ಮುಚ್ಚಿರುವುದು ರಾತ್ರಿ 7.45ರಿಂದ 8.15, ರಾತ್ರಿ 10.45ರಿಂದ 11.15, ನಡುರಾತ್ರಿ ದಾಟಿ 1.45ರಿಂದ 2.15, ನಸುಕಿನಲ್ಲಿ 4.50ರಿಂದ 5.20. ಇದರ ಜೊತೆ ಹಗಲು 12.30ರಿಂದ 1.30ರವರೆಗೆ ಮಹಾಪೂಜೆ.

ಈಗ ಉಳಿದದ್ದೆಲ್ಲ ದರ್ಶನದ ಹೊತ್ತು. ಭಕ್ತರಿಗೆ ಕಳಿಸಬೇಕಾದ ಪಟ್ಟಿ ಇದೇ. ಪೂಜೆಯ ಹೆಸರುಗಳನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮಂಗಳಾರತಿ ನೋಡಲಿಕ್ಕೇ ಬರುವವರು ಇದ್ದಾರೆ, ಅವರಿಗೆ 8.15, 11.15 ಗೊತ್ತಾಗಬೇಕು. ಆದರೆ ಅದು ಕೆಳಗೆ ಒಂದು ಸಾಲಿನಲ್ಲಿ ಬರಲಿ. "6.45ಕ್ಕೆ ಪ್ರಥಮ ಯಾಮ ಪೂಜೆ" ಅಂತ ಮೇಲೆ ಹಾಕಿದರೆ ಜನ 6.45ಕ್ಕೆ ಬಾಗಿಲು ತೆಗೆಯುತ್ತಾರೆ ಅಂದುಕೊಳ್ಳುತ್ತಾರೆ. ಕೆಲವರು ಆಗ ಬಾಗಿಲು ಹಾಕುತ್ತಾರೆ ಅಂದುಕೊಂಡು ಓಡಿ ಬರುತ್ತಾರೆ. ಎರಡೂ ತಪ್ಪು, ಎರಡಕ್ಕೂ ಕಾರಣ ನಮ್ಮ ಮೆಸೇಜು.

ಹಂತ 3: ಸಾಲು ಎಷ್ಟು ಬೇಗ ಸಾಗುತ್ತದೆ ಅಂತ ಅಳೆಯಿರಿ

ಇದನ್ನು ಮಾಡುವವರು ಕಡಿಮೆ. ಹತ್ತು ನಿಮಿಷದ ಕೆಲಸ.

ಹಬ್ಬಕ್ಕೆ ಮೊದಲು ಬರುವ ಒಂದು ಸೋಮವಾರ, ಸ್ವಲ್ಪ ಜನ ಇರುವಾಗ, ಗರ್ಭಗುಡಿಯ ಎದುರಿನ ಕಂಬದ ಹತ್ತಿರ ವಾಚು ಹಿಡಿದು ನಿಂತುಕೊಳ್ಳಿ. ಹತ್ತು ನಿಮಿಷದಲ್ಲಿ ಎಷ್ಟು ಜನ ದಾಟಿದರು ಅಂತ ಎಣಿಸಿ. ಹಣ್ಣುಕಾಯಿ ತಂದವರನ್ನೂ ಸುಮ್ನೆ ಕೈಮುಗಿದು ಹೋಗುವವರನ್ನೂ ಬೇರೆ ಬೇರೆ ಎಣಿಸಬೇಕು. ಹಣ್ಣುಕಾಯಿಯವರು ನಿಧಾನ. ತಟ್ಟೆ ಕೊಡಬೇಕು, ಹೆಸರು ನಕ್ಷತ್ರ ಹೇಳಬೇಕು, ಕಾಯಿ ಒಡೆಯಬೇಕು, ತಟ್ಟೆ ವಾಪಸ್ ಬರಬೇಕು. ನಮ್ಮ ಉದಾಹರಣೆಗೆ ಹಣ್ಣುಕಾಯಿ ಸಾಲಿನಲ್ಲಿ ಹತ್ತು ನಿಮಿಷಕ್ಕೆ 70 ಜನ, ಬರೀ ದರ್ಶನದ ಸಾಲಿನಲ್ಲಿ 160 ಜನ ಅಂತ ಇಟ್ಟುಕೊಳ್ಳೋಣ. ಒಂದು ನಿಮಿಷಕ್ಕೆ 7 ಮತ್ತು 16.

ಆಮೇಲೆ ಗರ್ಭಗುಡಿಯಿಂದ ಹಿಂದಕ್ಕೆ ನಡೆಯಿರಿ. ಸಾಲು ಬಂದು ಮುಟ್ಟುವ ಒಂದು ಗುರುತು ಹುಡುಕಿ. ಧ್ವಜಸ್ತಂಭ, ಅಶ್ವತ್ಥಕಟ್ಟೆ, ಬಾವಿ, ಯಾವುದಾದರೂ ಸರಿ. ಅಲ್ಲಿವರೆಗೆ ಎಷ್ಟು ಜನ ನಿಲ್ಲುತ್ತಾರೆ? ಅಶ್ವತ್ಥಕಟ್ಟೆವರೆಗೆ 200 ಜನ ಅಂದರೆ, ಹಣ್ಣುಕಾಯಿ ಸಾಲಿನ ಬಾಲ ಕಟ್ಟೆ ಮುಟ್ಟಿದಾಗ ಕೊನೆಯವನು ಸುಮಾರು ಅರ್ಧ ಗಂಟೆ ಕಾಯಬೇಕು. ಅದೇ ಬರೀ ದರ್ಶನದ ಸಾಲಾದರೆ ಹದಿಮೂರು ನಿಮಿಷ.

ಇದರಿಂದ ನಿಮಗೆ ಎರಡು ವಾಕ್ಯ ಸಿಕ್ಕಿತು. ಒಂದು: "ಹಣ್ಣುಕಾಯಿ ಸಾಲು ಅಶ್ವತ್ಥಕಟ್ಟೆ ಮುಟ್ಟಿದ್ದರೆ ಅರ್ಧ ಗಂಟೆ ಕಾಯಬೇಕಾಗುತ್ತದೆ." ಊರಿನವನಿಗೆ ಇದು ಕಣ್ಣಿಗೆ ಕಟ್ಟುತ್ತದೆ. "ಭಕ್ತಾದಿಗಳು ಸಹಕರಿಸಬೇಕು" ಅನ್ನುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎರಡು: ಬಾಗಿಲು 7.45ಕ್ಕೆ ಹಾಕುವುದಾದರೆ ಹಣ್ಣುಕಾಯಿಯವರು 7.15ರೊಳಗೆ ಸಾಲಿಗೆ ಸೇರಬೇಕು. ಆಮೇಲೆ ಸೇರಿದವರಿಗೆ 8.15ರ ನಂತರವೇ. ಇದನ್ನು ಮೊದಲೇ ಹೇಳಿದರೆ 7.30ಕ್ಕೆ ಬರುವ ಮನೆಯವರು ಮನೆಯಲ್ಲೇ ಒಂದು ಕಪ್ ಚಾ ಕುಡಿದು 8.15ಕ್ಕೆ ಬರುತ್ತಾರೆ. ಅಂಗಳದಲ್ಲಿ ಅಷ್ಟು ಜನ ಕಡಿಮೆ.

ಒಂದು ಎಚ್ಚರಿಕೆ. ಸಾಧಾರಣ ಸೋಮವಾರ ಅಳೆದ ವೇಗ ಹಬ್ಬದ ದಿನ ಇರುವುದಿಲ್ಲ. ಆ ದಿನ ಎಳನೀರು, ಹಾಲು, ಬಿಲ್ವಪತ್ರೆ ತಂದವರು ಜಾಸ್ತಿ, ಮಕ್ಕಳು ಜಾಸ್ತಿ. ಕಾಯಿ ಒಡೆಯಲಿಕ್ಕೆ ಇನ್ನೊಬ್ಬರನ್ನು ಹಾಕಿದರೆ ವೇಗ ಉಳಿಯುತ್ತದೆ. ಇಲ್ಲದಿದ್ದರೆ ಮೆಸೇಜಿನಲ್ಲಿ ಅರ್ಧ ಗಂಟೆಯ ಬದಲು "ಮುಕ್ಕಾಲು ಗಂಟೆ" ಅಂತ ಬರೆಯಿರಿ, ಸಾಲಿಗೆ ಸೇರುವ ಕೊನೆಯ ಹೊತ್ತನ್ನೂ ಅಷ್ಟೇ ಹಿಂದೆ ತನ್ನಿ. ಹೇಳಿದ್ದಕ್ಕಿಂತ ಬೇಗ ದರ್ಶನ ಆದರೆ ಯಾರೂ ಬಯ್ಯುವುದಿಲ್ಲ.

ಹಂತ 4: ನಡುರಾತ್ರಿಯ ತಾರೀಖನ್ನು ಬಿಡಿಸಿ ಬರೆಯಿರಿ

ನಾನೇ ಮಾಡಿದ ತಪ್ಪು ಇದು, ಹೇಳಿಬಿಡುತ್ತೇನೆ. ಒಂದು ವರ್ಷ "ರಾತ್ರಿ 12.45ಕ್ಕೆ ವಿಶೇಷ ಪೂಜೆ" ಅಂತ ಬರೆದು ಮೇಲೆ ಹಬ್ಬದ ತಾರೀಖು ಹಾಕಿದ್ದೆ. ಒಂದು ಕುಟುಂಬ ಹಿಂದಿನ ರಾತ್ರಿಯೇ ಬಂದು ಕತ್ತಲೆಯಲ್ಲಿ ಬಾಗಿಲ ಮುಂದೆ ನಿಂತಿತ್ತು. ಅವರದ್ದೇನೂ ತಪ್ಪಿಲ್ಲ. ಗಡಿಯಾರದ ಪ್ರಕಾರ ಆ ತಾರೀಖಿನ 12.45 ಅಂದರೆ ಅವರು ಬಂದ ಹೊತ್ತೇ.

ನಮ್ಮ ಹಳೆ ಲೆಕ್ಕದಲ್ಲಿ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ. ಹಾಗಾಗಿ ಭಟ್ರು ಶಿವರಾತ್ರಿಯ ಇಡೀ ರಾತ್ರಿಯನ್ನು ಭಾನುವಾರ ಅಂತಲೇ ಹೇಳುತ್ತಾರೆ. ಮೊಬೈಲಿನಲ್ಲಿ ದಿನ 12ಕ್ಕೆ ಬದಲಾಗುತ್ತದೆ. ಬಸ್ಸು, ರೈಲು ಟಿಕೆಟ್ ಮಾಡುವವರು ಮೊಬೈಲ್ ನೋಡುತ್ತಾರೆ. ಕೊಂಕಣ ರೈಲ್ವೆಯಲ್ಲಿ ಕಾರವಾರದಿಂದಲೋ ಮುಂಬೈನಿಂದಲೋ ಬರುವವರಿಗೆ ಒಂದು ದಿನ ತಪ್ಪಿದರೆ ಇಡೀ ಪ್ರಯಾಣವೇ ವ್ಯರ್ಥ.

ಅದಕ್ಕೆ ಎರಡೂ ದಿನ ಬರೆಯಿರಿ: "ಭಾನುವಾರ ರಾತ್ರಿ ಕಳೆದು, ಸೋಮವಾರ (16ನೇ ತಾರೀಖು) ನಡುರಾತ್ರಿ 12.45". ಉದ್ದ ಆಯಿತು ಅನಿಸಬಹುದು, ಆಗಲಿ. "ರಾತ್ರಿ 12" ಅನ್ನುವ ಎರಡು ಶಬ್ದವನ್ನು ಮಾತ್ರ ಒಂಟಿಯಾಗಿ ಬಿಡಬೇಡಿ. ಹಾಗೇ "3.50" ಅಂತ ಮಾತ್ರ ಬರೆದರೆ ಮಧ್ಯಾಹ್ನವೋ ನಸುಕೋ ಗೊತ್ತಾಗುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ನಸುಕು, ಇವುಗಳಲ್ಲಿ ಒಂದು ಪ್ರತಿ ಗಂಟೆಯ ಹಿಂದೆ ಇರಲೇಬೇಕು.

ವರ್ಷ ಬರೆಯುವುದನ್ನೂ ಮರೆಯಬೇಡಿ. ವರ್ಷ ಇಲ್ಲದ ಮೆಸೇಜು ಸಾಯುವುದಿಲ್ಲ. ಮುಂದಿನ ಶಿವರಾತ್ರಿಗೆ ಯಾರದ್ದೋ ಮೊಬೈಲಿನಿಂದ ಎದ್ದು ಬಂದು ಇಡೀ ತಾಲೂಕು ಸುತ್ತುತ್ತದೆ.

ಹಂತ 5: ಈಗ ಬರೆಯಿರಿ, ಮೊದಲ ಸಾಲಿನಲ್ಲೇ ವಿಷಯ ಇರಲಿ

ನಮ್ಮಲ್ಲಿ ಮೆಸೇಜು ಶುರುವಾಗುವುದು ಹೀಗೆ: "ಸ್ವಸ್ತಿ ಶ್ರೀ ವಿಶ್ವಾವಸು ನಾಮ ಸಂವತ್ಸರದ ಮಾಘ ಬಹುಳ ಚತುರ್ದಶಿಯಂದು ಶ್ರೀ ಸನ್ನಿಧಿಯಲ್ಲಿ…" ಇದು ಆಮಂತ್ರಣ ಪತ್ರಿಕೆಯ ಭಾಷೆ. ಪತ್ರಿಕೆಯಲ್ಲಿ ಚೆಂದ, ಅಲ್ಲೇ ಇರಲಿ. ಮೊಬೈಲಿನಲ್ಲಿ ಮೆಸೇಜು ಬಂದಾಗ ಪರದೆಯ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು. ತೆರೆದರೂ ಉದ್ದದ ಮೆಸೇಜನ್ನು ವಾಟ್ಸಾಪ್ ಅರ್ಧಕ್ಕೆ ಮಡಚಿಡುತ್ತದೆ, ಒತ್ತಿದರೆ ಮಾತ್ರ ಉಳಿದದ್ದು ಕಾಣುತ್ತದೆ. ಸಂವತ್ಸರವೇ ಆ ಜಾಗವನ್ನೆಲ್ಲ ತಿಂದರೆ ಗಂಟೆ ಕಾಣುವುದು ಯಾವಾಗ?

ನಮ್ಮ ಉದಾಹರಣೆಗೆ ಪೂರ್ತಿ ಸಂದೇಶ ಹೀಗಿರುತ್ತದೆ. ಎರಡೂ ಬದಿಯ ನಕ್ಷತ್ರ ಗುರುತು ವಾಟ್ಸಾಪಿನಲ್ಲಿ ಅಕ್ಷರವನ್ನು ದಪ್ಪ ಮಾಡುತ್ತದೆ.

```
*ಶಿವರಾತ್ರಿ ದರ್ಶನ: 15-2-2026, ಭಾನುವಾರ ಬೆಳಿಗ್ಗೆ 5.30ರಿಂದ*
(ದೇವಸ್ಥಾನದ ಹೆಸರು, ಊರು) - ಸಂದೇಶ 1

*ಬಾಗಿಲು ತೆರೆದಿರುವ ಹೊತ್ತು*
ಭಾನುವಾರ 15:
ಬೆಳಿಗ್ಗೆ 5.30 - ಮಧ್ಯಾಹ್ನ 12.30
ಮಧ್ಯಾಹ್ನ 1.30 - ರಾತ್ರಿ 7.45
ರಾತ್ರಿ 8.15 - ರಾತ್ರಿ 10.45
ರಾತ್ರಿ 11.15 - ನಡುರಾತ್ರಿ ಕಳೆದು 1.45
ಸೋಮವಾರ 16:
ನಸುಕು 2.15 - ನಸುಕು 4.50
ಬೆಳಿಗ್ಗೆ 5.20 - ಬೆಳಿಗ್ಗೆ 7.00

ಪ್ರತಿ ಸಲ ಬಾಗಿಲು ತೆಗೆದಾಗ ಮಂಗಳಾರತಿ.
ನಡುರಾತ್ರಿಯ ಪೂಜೆ: ಭಾನುವಾರ ರಾತ್ರಿ ಕಳೆದು,
ಸೋಮವಾರ (16) 12.45ಕ್ಕೆ ಶುರು.

*ಸಾಲು*
ಎರಡೂ ಸಾಲು ಕೆರೆ ಕಡೆಯಿಂದ.
ಎಡಗಡೆ ಹಣ್ಣುಕಾಯಿ, ಬಲಗಡೆ ಬರೀ ದರ್ಶನ.
ಹೊರಗೆ ಹೋಗುವುದು ರಥಬೀದಿಗೆ.
ಹಣ್ಣುಕಾಯಿ ಸಾಲು ಅಶ್ವತ್ಥಕಟ್ಟೆ ಮುಟ್ಟಿದ್ದರೆ
ಅರ್ಧ ಗಂಟೆ ಕಾಯಬೇಕು. ಬಾಗಿಲು ಹಾಕುವ
ಅರ್ಧ ಗಂಟೆ ಮೊದಲು ಸಾಲಿಗೆ ಸೇರಿ.
ವಯಸ್ಸಾದವರು, ನಡೆಯಲಾಗದವರು: ಕಚೇರಿ ಬಾಗಿಲು,
ಜೊತೆಗೆ ಒಬ್ಬರು.

ಚಪ್ಪಲಿ: ಕೆರೆ ದಂಡೆಯ ಚಪ್ಪರ.
ವಾಹನ: ಶಾಲೆ ಮೈದಾನ.
ಹಾಲು, ಎಳನೀರು: ಕೌಂಟರಿನಲ್ಲಿ ಕೊಡಿ, ಒಳಗೆ ತರಬೇಡಿ.
ಉಪವಾಸದ ದಿನ, ಊಟ ಇಲ್ಲ. ಪಾನಕ, ಹಣ್ಣು ಇದೆ.

ಕೇಳುವುದಿದ್ದರೆ: (ಟ್ರಸ್ಟಿನ ನಂಬರ್),
ಬೆಳಿಗ್ಗೆ 8 - ರಾತ್ರಿ 8
```

ಇದರಲ್ಲಿ ಕೆಲವನ್ನು ಬೇಕೆಂದೇ ಹೀಗೆ ಬರೆದಿದ್ದೇನೆ. ದಿಕ್ಕನ್ನು "ಪಶ್ಚಿಮ ದ್ವಾರ" ಅಂತ ಹೇಳಿಲ್ಲ, ಕೆರೆ ಕಡೆ ಅಂದಿದ್ದೇನೆ. ಹೊರ ಊರಿನವರಿಗೆ ದಿಕ್ಕು ಗೊತ್ತಾಗುವುದಿಲ್ಲ, ಕೆರೆ ಕಾಣುತ್ತದೆ. ಊಟ ಇಲ್ಲ ಅಂತ ನೇರವಾಗಿ ಹೇಳಿದ್ದೇನೆ. ಅದನ್ನು ಹೇಳಲಿಕ್ಕೆ ಟ್ರಸ್ಟಿನವರಿಗೆ ಸಂಕೋಚ, ಆದರೆ ಬಿ.ಪಿ., ಶುಗರ್ ಇರುವವರು ಏನಾದರೂ ತಿಂದು ಬರಬೇಕೋ ಬೇಡವೋ ಅಂತ ನಿರ್ಧಾರ ಮಾಡುವುದು ಈ ಒಂದು ಸಾಲಿನ ಮೇಲೆ. ವಯಸ್ಸಾದವರ ಜೊತೆ "ಒಬ್ಬರು" ಅಂತ ಬರೆಯದಿದ್ದರೆ ಒಬ್ಬ ಅಜ್ಜಿಯ ಜೊತೆ ಇಡೀ ಮನೆ ಬರುತ್ತದೆ. ಇದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಇಲ್ಲದೇ ಇರುವುದು ದೇಣಿಗೆ. ದೇಣಿಗೆಯ ಮನವಿಯನ್ನು ಈ ಮೆಸೇಜಿಗೆ ಸೇರಿಸಬೇಡಿ, ಕ್ಯೂಆರ್ ಕೋಡನ್ನಂತೂ ಹಾಕಲೇಬೇಡಿ. ಸಮಯದ ಮೆಸೇಜು ಎಲ್ಲಕ್ಕಿಂತ ಜಾಸ್ತಿ ಫಾರ್ವರ್ಡ್ ಆಗುತ್ತದೆ. ಅದರ ಜೊತೆಗಿರುವ ಕೋಡನ್ನು ತೆಗೆದು ಯಾರಾದರೂ ತಮ್ಮದು ಅಂಟಿಸಿ ಮುಂದೆ ಕಳಿಸಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ದೇಣಿಗೆಗೆ ಬೇರೆ ದಿನ, ಬೇರೆ ಮೆಸೇಜು. ಹಣ ಕಳಿಸುವಾಗ ಪರದೆಯಲ್ಲಿ ಯಾವ ಹೆಸರು ಬರಬೇಕು ಅಂತ ಅದರಲ್ಲಿ ಬರೆಯಿರಿ.

ಹಂತ 6: ಕಳಿಸುವ ಮೊದಲು ಮೂವರ ಮೊಬೈಲಿನಲ್ಲಿ ನೋಡಿ

ನಮ್ಮ ಕಡೆ ತುಂಬಾ ಟ್ರಸ್ಟುಗಳಲ್ಲಿ ಪತ್ರಿಕೆ ಟೈಪ್ ಮಾಡುವವರು ನುಡಿ ತಂತ್ರಾಂಶದ ಹಳೆಯ ಅಕ್ಷರ ಬಳಸುತ್ತಾರೆ. ಪ್ರಿಂಟಿಗೆ ಅದು ಸರಿ. ಅದನ್ನೇ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ "ಕನ್ನಡ" ಅನ್ನುವುದು `PÀ£ÀßqÀ` ಅಂತ ಬರುತ್ತದೆ. ಆ ಹಳೆ ಅಕ್ಷರ ಕಾಣುವುದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ. ಮೊಬೈಲಿಗೆ ಬೇಕಾದದ್ದು ಯೂನಿಕೋಡ್, ಅಂದರೆ ಎಲ್ಲಾ ಯಂತ್ರಗಳೂ ಒಂದೇ ತರಹ ಓದುವ ಅಕ್ಷರದ ಲೆಕ್ಕ. ಹಳೆಯದನ್ನು ಯೂನಿಕೋಡ್ ಮಾಡುವ ಪರಿವರ್ತಕ ಸಿಗುತ್ತದೆ. ಆದರೆ ಪರಿವರ್ತನೆ ಆದ ಮೇಲೆ ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ಅದಕ್ಕಿಂತ ಮೊಬೈಲಿನಲ್ಲೇ ಹೊಸದಾಗಿ ಟೈಪ್ ಮಾಡುವುದು ಸುಲಭ. ಇರುವುದು ಇಷ್ಟೇ ಸಾಲು ತಾನೇ.

ಈ ತಲೆನೋವೇ ಬೇಡ ಅಂತ ಪೋಸ್ಟರಿನ ಫೋಟೋ ಕಳಿಸುವವರಿದ್ದಾರೆ. ಫೋಟೋ ಜೊತೆಗೆ ಹೋಗಲಿ, ಬದಲಿಗೆ ಬೇಡ. ಕಣ್ಣು ಮಂದವಾದವರು ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಆದರೆ ಚಿತ್ರದ ಒಳಗಿನ ಅಕ್ಷರ ದೊಡ್ಡದಾಗುವುದಿಲ್ಲ. ನಾಲ್ಕು ದಿನ ಬಿಟ್ಟು "ಶಿವರಾತ್ರಿ" ಅಂತ ಹುಡುಕಿದರೂ ಸಿಗುವುದಿಲ್ಲ.

ಹಾಗಾಗಿ ಮೊದಲು ಮೂವರಿಗೆ ಕಳಿಸಿ: ಒಬ್ಬರು ಭಟ್ರು, ಒಬ್ಬರು ಅರವತ್ತು ದಾಟಿದವರು, ಒಬ್ಬರು ನಿಮ್ಮ ದೇವಸ್ಥಾನಕ್ಕೆ ಬರದೇ ಇದ್ದವರು. ಮೂರನೆಯವರನ್ನು "ನೀವು ಭಾನುವಾರ ಸಂಜೆ 7.30ಕ್ಕೆ ಹಣ್ಣುಕಾಯಿ ತಂದರೆ ಏನಾಗುತ್ತದೆ?" ಅಂತ ಕೇಳಿ. "8.15ರವರೆಗೆ ಕಾಯಬೇಕು" ಅಂತ ಉತ್ತರ ಬಂದರೆ ಸಂದೇಶ ಸರಿ ಇದೆ. ಇಲ್ಲದಿದ್ದರೆ ಇನ್ನೊಂದು ಸಲ ಬರೆಯಿರಿ.

ಹಂತ 7: ಕಳಿಸುವುದು

ಬ್ರಾಡ್‌ಕಾಸ್ಟ್ ಲಿಸ್ಟ್ ಅಂದರೆ ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ. ಗುಂಪಲ್ಲ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರ ನಿಮಗೆ ಮಾತ್ರ ಬರುತ್ತದೆ, ಗುಡ್ ಮಾರ್ನಿಂಗ್ ಹೂವುಗಳ ಕಾಟ ಇಲ್ಲ. ದೇವಸ್ಥಾನಕ್ಕೆ ಇದೇ ಸರಿ.

ಆದರೆ ಎರಡು ಮಿತಿ ಇದೆ. ಒಂದು ಪಟ್ಟಿಗೆ 256 ಜನ ಮಾತ್ರ. ನಿಮ್ಮಲ್ಲಿ 900 ನಂಬರ್ ಇದ್ದರೆ ನಾಲ್ಕು ಪಟ್ಟಿ ಬೇಕು. ಕೇರಿ ಪ್ರಕಾರ, ಊರ ಪ್ರಕಾರ ಮಾಡಿಕೊಳ್ಳಿ, ಯಾರು ಬಿಟ್ಟುಹೋದರು ಅಂತ ಹುಡುಕಲಿಕ್ಕೆ ಸುಲಭ. ಎರಡನೆಯದು ದೊಡ್ಡದು: ಟ್ರಸ್ಟಿನ ನಂಬರನ್ನು ತಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ಮುಟ್ಟುತ್ತದೆ. ನೀವು ಅವರ ನಂಬರ್ ಸೇವ್ ಮಾಡಿಕೊಂಡರೆ ಸಾಲದು. "ನಮಗೆ ಮೆಸೇಜೇ ಬರಲಿಲ್ಲ" ಅನ್ನುವ ಜಗಳಕ್ಕೆ ಬಹುಪಾಲು ಇದೇ ಕಾರಣ, ಟ್ರಸ್ಟಿನವರು ಬೇಕಂತಲೇ ಬಿಟ್ಟದ್ದಲ್ಲ. ಯಾರಿಗೆ ಮುಟ್ಟಿದೆ ಅಂತ ನೋಡಲಿಕ್ಕೆ, ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆಯಿರಿ. ಮುಟ್ಟಿದವರ ಹೆಸರು ಅಲ್ಲಿ ಬರುತ್ತದೆ. ಎರಡು ದಿನ ಕಳೆದರೂ ಹೆಸರು ಬಾರದವರಿಗೆ ಬೇರೆಯಾಗಿ ಕಳಿಸಿ ಅಥವಾ ಫೋನ್ ಮಾಡಿ. ಸೇವಾ ಚೀಟಿ ಕೊಡುವ ಕೌಂಟರಿನಲ್ಲಿ "ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಒಂದು ರಟ್ಟು ತೂಗುಹಾಕಿದರೆ ಮುಂದಿನ ಹಬ್ಬಕ್ಕೆ ಕೆಲಸ ಕಡಿಮೆ.

ಕೀಪ್ಯಾಡ್ ಫೋನಿನವರಿಗೆ ಎಸ್‌ಎಂಎಸ್ ಬೇಕು. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ. ಅಲ್ಲಿ ಲೆಕ್ಕ ನಮ್ಮ ಕಣ್ಣಿನ ಲೆಕ್ಕವಲ್ಲ. "ಶಿವರಾತ್ರಿ" ನಮಗೆ ನಾಲ್ಕು ಅಕ್ಷರ, ಅದಕ್ಕೆ ಒಂಬತ್ತು. ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಕೆ. ಹಾಗಾಗಿ ಇಷ್ಟೇ ಹಿಡಿಸುತ್ತದೆ:

```
ಶಿವರಾತ್ರಿ 15-2-2026 ಭಾನುವಾರ. ದರ್ಶನ ಬೆಳಿಗ್ಗೆ 5.30ರಿಂದ. ಸಾಲು ಕೆರೆ ಕಡೆ.
```

ಇದು 68. ಒಟ್ಟಿಗೆ ನೂರಾರು ಜನರಿಗೆ ಎಸ್‌ಎಂಎಸ್ ಕಳಿಸುವ ಸೇವೆ ಬಳಸುವುದಾದರೆ ಡಿಎಲ್‌ಟಿ ನೋಂದಣಿ ಬೇಕು. ಯಾರು ಕಳಿಸುತ್ತಿದ್ದಾರೆ, ಯಾವ ಮಾದರಿಯ ವಾಕ್ಯ ಅಂತ ಮೊದಲೇ ಒಪ್ಪಿಗೆ ಪಡೆಯುವ ವ್ಯವಸ್ಥೆ ಅದು. ಹಬ್ಬದ ಹಿಂದಿನ ದಿನ ಓಡಿದರೆ ಆಗುವುದಿಲ್ಲ. ಅಂಥವರು ನಲವತ್ತು ಐವತ್ತು ಮಂದಿ ಮಾತ್ರ ಇದ್ದರೆ ನಾಲ್ಕು ಹುಡುಗರಿಗೆ ಹಂಚಿ ಫೋನ್ ಮಾಡಿಸಿ, ಅದೇ ಸಲೀಸು.

ಗೋವಾ, ಮುಂಬೈಯಲ್ಲಿ ನೆಲೆಸಿದ ಮನೆಗಳ ಹುಡುಗರಿಗೆ ಕನ್ನಡ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಕಾರವಾರ, ಅಂಕೋಲಾ ಕಡೆಯ ದೇವಸ್ಥಾನಗಳಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ಒಂದು ನಿಮಿಷದೊಳಗಿನ ಧ್ವನಿ ಸಂದೇಶ ಮಾಡಿ, ಬೇಕಿದ್ದರೆ ಕೊಂಕಣಿಯಲ್ಲಿ. ಗಂಟೆಗಳನ್ನು ನಿಧಾನಕ್ಕೆ ಎರಡು ಸಲ ಹೇಳಬೇಕು.

ಕಳಿಸುವುದು ಎಷ್ಟು ಮೊದಲು? ಒಂದು ವಾರ ಮೊದಲು ಒಂದು ಸಲ, ಹಿಂದಿನ ದಿನ ಸಂಜೆ ಅದನ್ನೇ ಇನ್ನೊಂದು ಸಲ. ಅದಕ್ಕಿಂತ ಜಾಸ್ತಿ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ಪಾಪ, ಅವರನ್ನು ದೂರುವಂತಿಲ್ಲ.

ಹಂತ 8: ಸಮಯ ಬದಲಾದರೆ

ಬದಲಾಗಿಯೇ ಆಗುತ್ತದೆ. ಪಲ್ಲಕ್ಕಿ ತಡ, ಕರೆಂಟ್ ಇಲ್ಲ, ಇನ್ನೇನೋ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನು ತಿದ್ದಲಿಕ್ಕೆ 15 ನಿಮಿಷ ಮಾತ್ರ ಅವಕಾಶ. ಎಲ್ಲರ ಮೊಬೈಲಿನಿಂದ ಅಳಿಸಲಿಕ್ಕೆ ಎರಡು ದಿನದಷ್ಟು ಸಿಗುತ್ತದೆ. ಆದರೆ ಅಷ್ಟರೊಳಗೆ ಫಾರ್ವರ್ಡ್ ಆದ ಪ್ರತಿಗಳನ್ನು ನೀವು ತಿದ್ದಲೂ ಆಗುವುದಿಲ್ಲ, ಅಳಿಸಲೂ ಆಗುವುದಿಲ್ಲ. ಅವು ತಿರುಗುತ್ತಲೇ ಇರುತ್ತವೆ.

ಅದಕ್ಕೇ ಮೇಲೆ "ಸಂದೇಶ 1" ಅಂತ ಹಾಕಿದ್ದು. ಬದಲಾವಣೆ ಬಂದರೆ "ಸಂದೇಶ 2" ಕಳಿಸಿ, ಹಳೆ ಸಮಯ ಮತ್ತು ಹೊಸ ಸಮಯ ಎರಡನ್ನೂ ಬರೆಯಿರಿ:

```
*ಬದಲಾವಣೆ - ಸಂದೇಶ 2* (15-2-2026, ಮಧ್ಯಾಹ್ನ 3 ಗಂಟೆಗೆ ಬರೆದದ್ದು)
ಇಂದು ರಾತ್ರಿ ಬಾಗಿಲು ಹಾಕುವುದು 7.45ಕ್ಕೆ ಅಲ್ಲ, 8.15ಕ್ಕೆ.
ಮತ್ತೆ ತೆಗೆಯುವುದು 8.45ಕ್ಕೆ. ಉಳಿದ ಸಮಯ ಮೊದಲಿನಂತೆಯೇ.
```

ಬರೀ ಹೊಸ ಸಮಯ ಹಾಕಿ ಇಡೀ ಪಟ್ಟಿ ಮತ್ತೆ ಕಳಿಸಿದರೆ ಎಲ್ಲಿ ಬದಲಾಗಿದೆ ಅಂತ ಜನ ಹುಡುಕುತ್ತಾ ಕೂರುವುದಿಲ್ಲ. ಮೊದಲಿನದ್ದೇ ಮತ್ತೆ ಬಂತು ಅಂದುಕೊಂಡು ಮುಚ್ಚಿಡುತ್ತಾರೆ. "ಉಳಿದ ಸಮಯ ಮೊದಲಿನಂತೆಯೇ" ಅನ್ನುವ ಸಾಲನ್ನೂ ಬಿಡಬೇಡಿ, ಬಿಟ್ಟರೆ ನಡುರಾತ್ರಿಯ ಪೂಜೆಯೂ ಮುಂದೆ ಹೋಯಿತೇ ಅಂತ ಫೋನು ಶುರು.

ಮೆಸೇಜು ಹೋದ ಕೂಡಲೇ ಸಾಲಿನ ಬಾಯಿಯಲ್ಲಿ ನಿಂತ ಸ್ವಯಂಸೇವಕರಿಗೂ, ಮೈಕಿನವರಿಗೂ ಅದೇ ಸಮಯ ತಿಳಿಸಿ. ಸಾಲಿನಲ್ಲಿ ನಿಂತವರು ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಮಗು ಹಿಡಿದಿರುತ್ತಾರೆ, ಮೊಬೈಲ್ ನೋಡುವುದಿಲ್ಲ. ಕೆರೆ ಕಡೆಯ ಬಾಗಿಲಿಗೆ ಒಂದು ಕರಿಹಲಗೆ ಇಟ್ಟು, "ಮುಂದೆ ಬಾಗಿಲು ಹಾಕುವುದು: 8.15" ಅಂತ ಸುಣ್ಣದ ಕಡ್ಡಿಯಲ್ಲಿ ಬರೆದು, ಪ್ರತಿ ಸಲ ಬಾಗಿಲು ತೆಗೆದಾಗ ಒರೆಸಿ ಹೊಸದು ಬರೆಯಲಿಕ್ಕೆ ಒಬ್ಬ ಹುಡುಗನನ್ನು ನಿಲ್ಲಿಸಿ. ಇಡೀ ರಾತ್ರಿ ಅಂದರೆ ಅವನೂ ತೂಕಡಿಸುತ್ತಾನೆ, ಹಾಗಾಗಿ ನಡುರಾತ್ರಿಗೆ ಪಾಳಿ ಬದಲಿಸಲು ಇನ್ನೊಬ್ಬ ಬೇಕು.